ಕಾಲೇಜಿಗೊಂದು ಇಆರ್‌ಪಿ: ಕೊಳ್ಳುವುದೋ, ಕಟ್ಟಿಕೊಳ್ಳುವುದೋ?

ಕರ್ನಾಟಕದಲ್ಲಿ ತಿಂಗಳಿಗೆ 25,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಸಂಬಳ ಪಡೆಯುವವರಿಗೆ ವೃತ್ತಿ ತೆರಿಗೆ 200 ರೂಪಾಯಿ. 2025ರ ಏಪ್ರಿಲ್‌ನಿಂದ ಫೆಬ್ರವರಿ ತಿಂಗಳಿಗೆ ಮಾತ್ರ ಅದು 300 ಆಯಿತು. ಆ ಮಿತಿಯೊಳಗೆ ಬರುವ 80 ಸಿಬ್ಬಂದಿ ಇರುವ ಕಾಲೇಜಿನ ತಂತ್ರಾಂಶ ಈ ಬದಲಾವಣೆಯನ್ನು ಅರಿಯದಿದ್ದರೆ ಫೆಬ್ರವರಿಯಲ್ಲಿ 8,000 ರೂಪಾಯಿ ಕಡಿಮೆ ಕಟ್ಟಿದಂತಾಗುತ್ತದೆ. ಪ್ರವೇಶ, ಶುಲ್ಕ, ಸಂಬಳ ಮೂರನ್ನೂ ಒಂದೇ ಕಡೆ ನಡೆಸುವ ಇಆರ್‌ಪಿ ಆರಿಸುವಾಗ ಮೊದಲು ಕೇಳಬೇಕಾದ್ದು ಇದನ್ನೇ: ಸರ್ಕಾರ ನಿಯಮ ಬದಲಿಸಿದಾಗ ನಮ್ಮ ತಂತ್ರಾಂಶವನ್ನು ಬದಲಿಸುವವರು ಯಾರು?

ವಾಣಿಜ್ಯ ತಂತ್ರಾಂಶವಾದರೆ ಕಂಪನಿಯೇ ಬದಲಿಸಿ ಎಲ್ಲ ಗ್ರಾಹಕರಿಗೂ ಕಳಿಸಬೇಕು. ಅದು ವಾರ್ಷಿಕ ಶುಲ್ಕದಲ್ಲೇ ಸೇರಿದೆಯೇ, ಎಷ್ಟು ದಿನದೊಳಗೆ ಆಗಬೇಕು ಎಂಬುದು ಕರಾರಿನಲ್ಲಿ ಬರೆದಿರಬೇಕು. ಮುಕ್ತ ತಂತ್ರಾಂಶವಾದರೆ ಬದಲಾವಣೆ ನಮ್ಮ ಕೈಯಲ್ಲೇ ಇದೆ. ಮುಂಬೈಯ ಫ್ರಾಪೆ ಸಂಸ್ಥೆಯ ಇಆರ್‌ಪಿನೆಕ್ಸ್ಟ್ ಅಂಥದ್ದು. ಅದರ ಸಂಬಳದ ಭಾಗ ಫ್ರಾಪೆ ಎಚ್‌ಆರ್. ಅಲ್ಲಿ ವೃತ್ತಿ ತೆರಿಗೆಯ Salary Component ತೆರೆದು, ಷರತ್ತಿನ ಜಾಗದಲ್ಲಿ `gross_pay >= 25000` ಎಂದೂ ಸೂತ್ರದ ಜಾಗದಲ್ಲಿ ಹೀಗೂ ಬರೆಯಬಹುದು:

```
300 if getdate(start_date).month == 2 else 200
```

ಬೇಕಾದ್ದು ಇಷ್ಟೇ. ಆದರೆ ಇದನ್ನು ಬರೆಯಬಲ್ಲವರೊಬ್ಬರು ಇರಬೇಕು, ಸಂಬಳ ಹಾಕುವ ಮೊದಲೇ ಬರೆದು ಪರೀಕ್ಷಿಸಿರಬೇಕು.

ಶುಲ್ಕದ ತೊಡಕು ಬೇರೆ ಬಗೆಯದು. ಕೊನೆಯ ದಿನದ ಸಂಜೆ ವಿದ್ಯಾರ್ಥಿ ಯುಪಿಐ ಮೂಲಕ 18,000 ಕಟ್ಟುತ್ತಾನೆ. ಖಾತೆಯಿಂದ ಹಣ ಹೋಗುತ್ತದೆ, ರಸೀದಿ ಬರುವುದಿಲ್ಲ. ಹಣ ಬಂತೆಂದು ಪೇಮೆಂಟ್ ಗೇಟ್‌ವೇ ಕಳಿಸಿದ ಸಂದೇಶದ ಹೊತ್ತಿಗೆ ಕಾಲೇಜಿನ ಸರ್ವರ್ ಕೈಕೊಟ್ಟಿದ್ದರೆ ಹೀಗಾಗುತ್ತದೆ. ಆಮೇಲೆ 40 ವಿದ್ಯಾರ್ಥಿಗಳ ಹಣ ಸೇರಿ 7,20,000 ಒಂದೇ ಮೊತ್ತವಾಗಿ ಬ್ಯಾಂಕಿಗೆ ಜಮೆಯಾಗುತ್ತದೆ. ಯಾರದ್ದು ಬಂತು, ಯಾರದ್ದು ಬಾಕಿ ಎಂದು ಗುಮಾಸ್ತರು ಪಟ್ಟಿ ಹಿಡಿದು ಕೂರಬೇಕು. ಗೇಟ್‌ವೇ ಕೊಡುವ ವರದಿಯನ್ನು ಓದಿ, ವ್ಯವಹಾರ ಸಂಖ್ಯೆ ಹೊಂದಿಸಿ, ತಪ್ಪಿದ ರಸೀದಿಯನ್ನು ತಾನೇ ಹೊರಡಿಸುವ ತಂತ್ರಾಂಶ ಬೇಕು. ಕಂಪನಿಯವರು ಇದನ್ನು ಎದುರಿಗೇ ಮಾಡಿ ತೋರಿಸಲಿ. ಮುಕ್ತ ತಂತ್ರಾಂಶದಲ್ಲಿ ಹಣ ಕಟ್ಟಿಸಿಕೊಳ್ಳುವ ಜೋಡಣೆ ಸಿದ್ಧವಿದ್ದರೂ ಈ ತಾಳೆ ನೋಡುವ ಕೆಲಸವನ್ನು ನಾವೇ ಬರೆಸಿಕೊಳ್ಳಬೇಕಾಗಬಹುದು; ಅಂದಾಜು ಪಟ್ಟಿಯಲ್ಲಿ ಅದಕ್ಕೂ ಜಾಗವಿರಲಿ.

ಪ್ರವೇಶದ ಮಟ್ಟಿಗೆ, ರಾಜ್ಯ ವಿಶ್ವವಿದ್ಯಾಲಯಗಳ ಪದವಿ ಕಾಲೇಜುಗಳಿಗೆ ಯುಯುಸಿಎಂಎಸ್ ಹೇಗೂ ಇದೆ. ಅಲ್ಲಿನ ವಿವರವನ್ನು ಎಕ್ಸೆಲ್ ಮೂಲಕ ಇಆರ್‌ಪಿಗೆ ತುಂಬಲು ಆಗದಿದ್ದರೆ ಪ್ರತಿ ಹೆಸರನ್ನೂ ಎರಡು ಸಲ ಟೈಪ್ ಮಾಡಬೇಕು, ಕಾಗುಣಿತದ ವ್ಯತ್ಯಾಸ ಅಂಕಪಟ್ಟಿಯವರೆಗೂ ಹೋಗುತ್ತದೆ.

ಇನ್ನು ಖರ್ಚು. ಲೆಕ್ಕಕ್ಕಾಗಿ 1,200 ವಿದ್ಯಾರ್ಥಿಗಳ ಕಾಲೇಜೊಂದನ್ನು ಇಟ್ಟುಕೊಳ್ಳೋಣ. ಕಂಪನಿ ವರ್ಷಕ್ಕೆ ತಲಾ 300 ರೂಪಾಯಿ ಕೇಳಿದರೆ ಐದು ವರ್ಷಕ್ಕೆ 18 ಲಕ್ಷ. ಮುಕ್ತ ತಂತ್ರಾಂಶಕ್ಕೆ ಪರವಾನಗಿ ಶುಲ್ಕವಿಲ್ಲ. ಆದರೆ ಅಳವಡಿಸಲು 6 ಲಕ್ಷ, ಸರ್ವರ್‌ಗೆ ವರ್ಷಕ್ಕೆ 60,000, ನಿರ್ವಹಣೆಗೆ ತಿಂಗಳಿಗೆ 15,000 ಎಂದು ಹಿಡಿದರೆ ಅದೂ 18 ಲಕ್ಷವೇ. ವಿದ್ಯಾರ್ಥಿಗಳು 2,000 ಆದಾಗ ಮೊದಲನೆಯದು ವರ್ಷಕ್ಕೆ 3.6 ಲಕ್ಷದಿಂದ 6 ಲಕ್ಷಕ್ಕೆ ಏರುತ್ತದೆ, ಎರಡನೆಯದು ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಹಾಗಾಗಿ ಬೆಳೆಯುತ್ತಿರುವ ಕಾಲೇಜಿಗೂ, ನಾಲ್ಕಾರು ಕಾಲೇಜು ನಡೆಸುವ ಟ್ರಸ್ಟಿಗೂ ಮುಕ್ತ ತಂತ್ರಾಂಶ ಲಾಭದಾಯಕ. ಒಬ್ಬ ತಂತ್ರಜ್ಞರ ಸಂಬಳ ಎಲ್ಲ ಕಾಲೇಜುಗಳಿಗೂ ಹಂಚಿಹೋಗುತ್ತದೆ. ತಂತ್ರ ಬಲ್ಲವರಿಲ್ಲದ, ಹತ್ತಿರದಲ್ಲಿ ನಂಬುವಂಥ ಸೇವಾ ಸಂಸ್ಥೆಯೂ ಇಲ್ಲದ ಒಂಟಿ ಕಾಲೇಜಿಗೆ ವಾಣಿಜ್ಯ ತಂತ್ರಾಂಶವೇ ಕ್ಷೇಮ.

ಎರಡರಲ್ಲೂ ಕಾಲೇಜು ಸಿಕ್ಕಿಬೀಳುವ ಜಾಗವೊಂದಿದೆ. ಕಂಪನಿ ಬಿಡುವ ದಿನ ಹಳೆಯ ಶುಲ್ಕ, ಸಂಬಳದ ಮಾಹಿತಿ ಪಿಡಿಎಫ್ ಆಗಿ ಮಾತ್ರ ಸಿಕ್ಕರೆ ಹೊಸ ತಂತ್ರಾಂಶಕ್ಕೆ ಅದು ನೇರವಾಗಿ ಸೇರದು. ಪೂರ್ತಿ ಡೇಟಾಬೇಸ್ ಪ್ರತಿ ವರ್ಷ ಕೊಡಬೇಕೆಂಬ ಷರತ್ತನ್ನು ಮೊದಲೇ ಹಾಕಿ. ಮುಕ್ತ ತಂತ್ರಾಂಶದಲ್ಲಿ ಉತ್ಸಾಹಿ ಉಪನ್ಯಾಸಕರೊಬ್ಬರು ಎಲ್ಲವನ್ನೂ ತಮ್ಮ ಇಮೇಲ್‌ನಲ್ಲೇ ನಡೆಸಿ, ಕೆಲಸ ಬಿಟ್ಟುಹೋದರೆ ಗತಿ ಅದೇ. ಸರ್ವರ್ ಖಾತೆ, ಡೊಮೈನ್, ಅಡ್ಮಿನ್ ಪಾಸ್‌ವರ್ಡ್ ಕಾಲೇಜಿನ ಹೆಸರಲ್ಲೇ ಇರಲಿ.

ಸಹಿ ಹಾಕುವ ಮೊದಲು ಕಳೆದ ಫೆಬ್ರವರಿಯ ನಿಜವಾದ ಸಂಬಳ ಪಟ್ಟಿಯನ್ನೂ, ಪ್ರವೇಶ ರದ್ದಾಗಿ ಶುಲ್ಕ ಮರಳಿಸಿದ ಒಂದು ಪ್ರಕರಣವನ್ನೂ ಕೊಟ್ಟು ಮಾಡಿಸಿ ನೋಡಿ. ಪ್ರವೇಶದ ಗಡಿಬಿಡಿಯಲ್ಲಿ ಬದಲಾವಣೆ ಬೇಡ. ಹೊಸ ಹಣಕಾಸು ವರ್ಷದ ಏಪ್ರಿಲ್‌ನಲ್ಲಿ ಸಂಬಳದಿಂದ ಶುರುಮಾಡಿ, ಎರಡು ತಿಂಗಳು ಹಳೆಯದು ಹೊಸದು ಎರಡರಲ್ಲೂ ಲೆಕ್ಕ ಹಾಕಿಸಿ. ಪ್ರತಿಯೊಬ್ಬರ ಸಂಬಳವೂ ರೂಪಾಯಿಗೆ ರೂಪಾಯಿ ತಾಳೆಯಾದ ಮೇಲೆ ಶುಲ್ಕಕ್ಕೆ ಕೈ ಹಾಕಬಹುದು.