ಎಲೆಯ ಮುಂದೆ ಕೂತು ‘ಸಾಕು’ ಎನ್ನುವುದು ಹೇಗೆ?

ಬಡಿಸಲು ಬಂದವರಿಗೆ ಬೇಡ ಎಂದರೆ ಮನೆಯವರು ನೊಂದುಕೊಳ್ಳುತ್ತಾರೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನಿಜವೆಂದರೆ, ಉಪಚಾರ ಮಾಡುವವರು ಒಂದೆರಡು ‘ಬೇಡ’ಗಳಿಗೆ ಸಿದ್ಧರಾಗಿಯೇ ಬರುತ್ತಾರೆ. ಅದನ್ನು ಅವರು ಸಂಕೋಚವೆಂದು ತಿಳಿಯುತ್ತಾರೆ. ಅದಕ್ಕೇ ‘ದಾಕ್ಷಿಣ್ಯ ಮಾಡ್ಕೋಬೇಡಿ’ ಎನ್ನುತ್ತಾ ಸೌಟು ಮತ್ತೆ ಮುಂದೆ ಬರುವುದು. ಅವರಿಗೆ ಬೇಸರವಾಗುವುದು ಬಾಯಿಗಿಡುವ ಮೊದಲೇ ಬೇಡ ಎಂದಾಗ.

ಯುಗಾದಿಯ ಒಬ್ಬಟ್ಟನ್ನೇ ನೋಡಿ. ಒಂದು ತಿಂದಾಗಿದೆ, ಅತ್ತಿಗೆ ತಟ್ಟೆ ಹಿಡಿದು ಮತ್ತೆ ಬಂದಿದ್ದಾರೆ. ‘ಅಯ್ಯೋ, ಬೇಡವೇ ಬೇಡ’ ಎಂದರೆ ಇನ್ನೊಂದು ಬಿತ್ತೆಂದೇ ಲೆಕ್ಕ. ಅದರ ಬದಲು, ‘ಹೂರಣ ಎಷ್ಟು ನುಣ್ಣಗಿದೆ ಅತ್ತಿಗೆ! ಅರ್ಧ ಹಾಕಿ, ಅದನ್ನ ನಿಧಾನವಾಗಿ ತಿಂತೀನಿ’ ಎನ್ನಿ. ಬಡಿಸಿದ ತೃಪ್ತಿ ಅವರಿಗೆ ಸಿಕ್ಕಿತು, ನಿಮಗೂ ಅರ್ಧ ಉಳಿಯಿತು. ಆ ಅರ್ಧವನ್ನು ಬೇಗ ಮುಗಿಸಬಾರದು, ಅದೇ ಮುಖ್ಯ. ಪಂಕ್ತಿಯಲ್ಲಿ ಬಡಿಸುವವರ ಕಣ್ಣು ಮೊದಲು ಹೋಗುವುದು ಎಲೆಯ ಖಾಲಿ ಜಾಗಕ್ಕೆ. ಒಂದು ಚೂರು ಒಬ್ಬಟ್ಟು, ಒಂದಿಷ್ಟು ಪಲ್ಯ ಕೊನೆಯವರೆಗೂ ಎಲೆಯ ಮೇಲಿದ್ದರೆ ಅವರು ಪಕ್ಕದವರ ಕಡೆ ಹೊರಳುತ್ತಾರೆ.

ಎಲೆಗೆ ಎರಡೂ ಕೈ ಅಡ್ಡ ಹಿಡಿದರೆ ಸಾಕು ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಅದು ಹಗ್ಗಜಗ್ಗಾಟವಾಗುತ್ತದೆ. ಬೆರಳ ಸಂದಿಯಲ್ಲೇ ಅನ್ನ ಬೀಳುತ್ತದೆ, ಬಿಸಿ ಸಾರಾದರೆ ಕೈ ಸುಡುತ್ತದೆ. ಇದಕ್ಕಿಂತ ಒಳ್ಳೆಯ ದಾರಿ, ಮುಂದೆ ಬಡಿಸಬೇಕಾದದ್ದನ್ನು ನೀವೇ ಕೇಳುವುದು. ಹುಳಿಯನ್ನದ ಎರಡನೇ ಸುತ್ತು ಬರುವಾಗ, ‘ಒಂದು ಹಿಡಿ ಅನ್ನ ಸಾಕು, ಮಜ್ಜಿಗೆ ಹಾಕಿಬಿಡಿ’ ಎನ್ನಿ. ನಮ್ಮ ಊಟದಲ್ಲಿ ಮಜ್ಜಿಗೆ ಅಥವಾ ಮೊಸರನ್ನ ಬಂದರೆ ಊಟ ಮುಗಿಯಿತೆಂದೇ ಅರ್ಥ. ಆಮೇಲೆ ಹುಳಿಯ ಪಾತ್ರೆ ನಿಮ್ಮೆದುರು ನಿಲ್ಲುವುದು ಅಪರೂಪ. ಹಾಗೆಂದು ಪಂಕ್ತಿ ಮುಗಿಯುವ ಮೊದಲೇ ಎದ್ದುಬಿಡಬೇಡಿ, ಬೇಡ ಎಂದದ್ದಕ್ಕಿಂತ ಅದೇ ಹೆಚ್ಚು ಚುಚ್ಚುತ್ತದೆ.

ಹಾಕಿಸಿಕೊಂಡು ಬಿಟ್ಟೇಳುವುದು ಮರ್ಯಾದೆಯ ದಾರಿ ಎಂದು ನಂಬಿದವರೂ ಇದ್ದಾರೆ. ಇದನ್ನು ನಾನು ಒಪ್ಪಲಾರೆ. ಎಲೆ ಎತ್ತುವಾಗ ಮುಟ್ಟದ ಒಬ್ಬಟ್ಟು ಕಂಡರೆ, ಬೆಳಗಿನಿಂದ ಒಲೆಯ ಮುಂದೆ ನಿಂತವರು ‘ಇಷ್ಟವಾಗಲಿಲ್ಲವೇನೋ’ ಎಂದೇ ಕೊರಗುತ್ತಾರೆ.

ಸಕ್ಕರೆ ಕಾಯಿಲೆ, ಪಥ್ಯ ಇದ್ದರೆ ಎಲೆಯ ಮುಂದೆ ಹೇಳಿ ಪ್ರಯೋಜನವಿಲ್ಲ, ಅದೂ ನೆಪವಾಗಿ ಕೇಳಿಸುತ್ತದೆ. ಮನೆಗೆ ಹೋದ ಕೂಡಲೇ ಅಡುಗೆಮನೆಯಲ್ಲಿ ಹೇಳಿಬಿಡಿ. ಆಗ ಒತ್ತಾಯ ಮಾಡುವವರೇ ನಿಮ್ಮ ಪರವಾಗಿ ಉಳಿದವರನ್ನು ತಡೆಯುತ್ತಾರೆ.

ಬಡಿಸುವವರಲ್ಲೂ ಒಂದು ಕೋರಿಕೆ: ಮೂರನೇ ಸಲವೂ ಸಾಕು ಎಂದವರಿಗೆ ದಯವಿಟ್ಟು ಮಜ್ಜಿಗೆ ತನ್ನಿ.