ಕತ್ತಲಲ್ಲಿ ಹೊಳೆಯುವ ದಾರ, ಸವೆಯುವ ಹಿತ್ತಾಳೆ

ಮನೆಬಳಕೆಯ ತ್ರಿಡಿ ಪ್ರಿಂಟರ್‌ಗಳಲ್ಲಿ ಹೆಚ್ಚಿನವು ಹಿತ್ತಾಳೆಯ ನಾಜಲ್ ಹಾಕಿಕೊಂಡೇ ಬರುತ್ತವೆ. ಅದರ ತುದಿಯ ರಂಧ್ರ ಸಾಮಾನ್ಯವಾಗಿ 0.4 ಮಿಲಿಮೀಟರ್. ಮಾಮೂಲಿ ಪಿಎಲ್‌ಎ ಪ್ಲಾಸ್ಟಿಕ್ ಎಷ್ಟು ಹರಿದರೂ ಹಿತ್ತಾಳೆ ಬೇಗ ಸವೆಯುವುದಿಲ್ಲ. ಕಾರ್ಬನ್ ಫೈಬರ್ ಬೆರೆಸಿದ ಫಿಲಮೆಂಟ್ ಕೊಂಡವರಿಗೆ ಅಂಗಡಿಯವರೇ ಉಕ್ಕಿನ ನಾಜಲ್ ಬೇಕೆಂದು ಹೇಳಿ ಕಳಿಸುತ್ತಾರೆ. ಆದರೆ ಮಕ್ಕಳ ಕೋಣೆಯ ಗೋಡೆಗೆ ನಕ್ಷತ್ರ ಮಾಡೋಣವೆಂದು ಕತ್ತಲಲ್ಲಿ ಹೊಳೆಯುವ ಹಸಿರು ಫಿಲಮೆಂಟ್ ತಂದವರಿಗೆ ಆ ಎಚ್ಚರಿಕೆ ಸಿಗುವುದು ಕಡಿಮೆ. ನೋಡಲು ಸಾಧುವಾದ ಈ ದಾರ ಹಿತ್ತಾಳೆಗೆ ಕಾರ್ಬನ್‌ನಷ್ಟೇ ದೊಡ್ಡ ಶತ್ರು.

ಹೊಳಪು ಬರುವುದು ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಎಂಬ ಪುಡಿಯಿಂದ. ಪಿಂಗಾಣಿಯ ಜಾತಿಗೆ ಸೇರಿದ, ಒಡೆದು ಪುಡಿ ಮಾಡಿದ ಹರಳು ಅದು. ಹಿತ್ತಾಳೆಗಿಂತ ಬಹಳ ಗಟ್ಟಿ, ಅಂಚುಗಳೂ ಚೂಪು. ಹರಳು ದಪ್ಪವಾದಷ್ಟೂ ಬೆಳಕು ಹೆಚ್ಚು. ಅಂದರೆ ಚೆನ್ನಾಗಿ ಹೊಳೆಯುವ ಫಿಲಮೆಂಟೇ ನಾಜಲನ್ನು ಹೆಚ್ಚು ಉಜ್ಜುವ ಸಾಧ್ಯತೆ. ಕಾರ್ಬನ್ ಫೈಬರ್ ಫಿಲಮೆಂಟಿನಲ್ಲಿರುವುದು ಕೂದಲಿಗಿಂತ ತೀರಾ ಸಣ್ಣ ಎಳೆಗಳ ತುಂಡುಗಳು. ಅವುಗಳ ತುದಿಗಳು ಲೋಹವನ್ನು ಕೆರೆಯುತ್ತಲೇ ಹೊರಬರುತ್ತವೆ.

ಎಷ್ಟು ಕೆರೆತ ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ. 1.75 ಮಿ.ಮೀ. ದಪ್ಪದ ದಾರ 0.4 ಮಿ.ಮೀ. ರಂಧ್ರದಿಂದ ಹೊರಬರುವಾಗ ಅದರ ಉದ್ದ ಸುಮಾರು 19 ಪಟ್ಟಾಗುತ್ತದೆ. ಒಂದು ಕಿಲೋ ಪಿಎಲ್‌ಎ ಸುರುಳಿಯಲ್ಲಿ 330 ಮೀಟರ್ ಆಸುಪಾಸು ದಾರವಿರುತ್ತದೆ. ಹಾಗಾಗಿ ಒಂದು ಸುರುಳಿ ಮುಗಿಯುವ ಹೊತ್ತಿಗೆ ಆರು ಕಿಲೋಮೀಟರಿಗೂ ಉದ್ದದ ಸಾಣೆಕಾಗದ ಆ ಸಣ್ಣ ತೂತಿನಲ್ಲಿ ಓಡಿದಂತೆ. ಹಿತ್ತಾಳೆ ಕೆಡಲು ಅಷ್ಟೂ ಬೇಕಾಗಿಲ್ಲ. ಕಾರ್ಬನ್ ತುಂಬಿದ ಕೆಲವು ಫಿಲಮೆಂಟುಗಳಿಗೆ ಕೆಲವೇ ನೂರು ಗ್ರಾಂ ಸಾಕು.

ತೊಂದರೆ ಏನೆಂದರೆ, ಈ ಸವೆತ ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ. ರಂಧ್ರ 0.5ಕ್ಕೆ ಹಿಗ್ಗಿದರೂ ಗೋಡೆಯ ದಪ್ಪ ಅಳೆದರೆ ಹೆಚ್ಚು ವ್ಯತ್ಯಾಸ ಕಾಣದೇ ಇರಬಹುದು. ಏಕೆಂದರೆ ಎಷ್ಟು ಪ್ಲಾಸ್ಟಿಕ್ ಹೊರಬರಬೇಕೆಂದು ತೀರ್ಮಾನಿಸುವುದು ಹಿಂದಿರುವ ಹಲ್ಲುಚಕ್ರ, ರಂಧ್ರವಲ್ಲ. ಕಾಣುವುದು ಬೇರೆಯೇ: ಭಾಗಗಳ ನಡುವೆ ಜೇಡರ ಬಲೆಯಂಥ ಎಳೆಗಳು, ಮಂಕಾದ ಅಕ್ಷರಗಳು, ಒರಟಾದ ಮೇಲ್ಮೈ. ಜೊತೆಗೆ ತುದಿಯೂ ಸವೆದು ನಾಜಲ್ ಗಿಡ್ಡವಾಗುತ್ತದೆ. ಮೊದಲ ಪದರ 0.2 ಮಿ.ಮೀ. ಇರಬೇಕಾದಲ್ಲಿ 0.1 ಮಿ.ಮೀ. ಸವೆದಿದ್ದರೆ ಅಂತರ 0.3 ಆಯಿತು, ಪ್ರಿಂಟ್ ತಟ್ಟೆಗೆ ಅಂಟುವುದಿಲ್ಲ. ಆಗ ಜನ ಉಷ್ಣತೆ ಬದಲಿಸುತ್ತಾರೆ, ತಟ್ಟೆ ತೊಳೆಯುತ್ತಾರೆ, ಮಳೆಗಾಲದಲ್ಲಾದರೆ ಫಿಲಮೆಂಟ್ ತೇವವಾಯಿತೆಂದು ಒಣಗಿಸುತ್ತಾರೆ. ನಾಜಲ್ ನೆನಪಾಗುವುದು ಕೊನೆಗೆ.

ಪರೀಕ್ಷೆ ಸುಲಭ. ನಾಜಲ್ ಬಿಚ್ಚಿ, ಚೊಕ್ಕ ಮಾಡಿ, ಭೂತಗನ್ನಡಿಯಲ್ಲಿ ನೋಡಿ. ಹೊಸದರಲ್ಲಿ ದುಂಡನೆಯ ರಂಧ್ರದ ಸುತ್ತ ಚಪ್ಪಟೆ ಉಂಗುರವಿರುತ್ತದೆ. ಸವೆದದ್ದರಲ್ಲಿ ಅಂಚು ಮೊಂಡಾಗಿ, ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿರಬಹುದು. 0.5 ಮಿ.ಮೀ. ಡ್ರಿಲ್ ಬಿಟ್‌ನ ತುದಿ 0.4ರ ರಂಧ್ರದೊಳಗೆ ಸಲೀಸಾಗಿ ಇಳಿದರೆ ಆ ನಾಜಲ್ ಗುಜರಿಗೆ.

ಹಾಗಾದರೆ ಎಲ್ಲದಕ್ಕೂ ಗಟ್ಟಿ ಉಕ್ಕನ್ನೇ ಹಾಕಬಾರದೇಕೆ? ಹಾಕಬಹುದು, ಬೆಲೆ ತೆರಬೇಕು. ಹಿತ್ತಾಳೆ ಶಾಖವನ್ನು ಉಕ್ಕಿಗಿಂತ ಹಲವು ಪಟ್ಟು ಚೆನ್ನಾಗಿ ಸಾಗಿಸುತ್ತದೆ. ಉಕ್ಕಿನ ನಾಜಲ್‌ನಲ್ಲಿ ಪರದೆ 210 ಡಿಗ್ರಿ ತೋರಿಸಿದರೂ ತುದಿಯ ಪ್ಲಾಸ್ಟಿಕ್ ಅಷ್ಟು ಬಿಸಿಯಾಗಿರುವುದಿಲ್ಲ. ವೇಗವಾಗಿ ಮುದ್ರಿಸುವಾಗ ಪದರಗಳು ಸರಿಯಾಗಿ ಬೆಸೆಯವು. ಐದರಿಂದ ಹದಿನೈದು ಡಿಗ್ರಿ ಏರಿಸಬೇಕು, ಇಲ್ಲವೇ ವೇಗ ಇಳಿಸಬೇಕು. ಸ್ಟೇನ್‌ಲೆಸ್ ಸ್ಟೀಲ್ ಎಂದರೆ ಗಟ್ಟಿ ಮಾಡಿದ ಉಕ್ಕೇ ಎಂದು ಕೊಳ್ಳುವವರೂ ಇದ್ದಾರೆ. ಸಾಮಾನ್ಯ ಸ್ಟೇನ್‌ಲೆಸ್ ಈ ಹರಳುಗಳ ಮುಂದೆ ಅಷ್ಟು ದಿನ ನಿಲ್ಲದು.

ಉಕ್ಕೂ ಸಾಲದ ಕೆಲಸಗಳಿವೆ. ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದಲ್ಲಿ ಆಂಡರ್ಸ್ ಓಲ್ಸನ್ ಅವರು ನ್ಯೂಟ್ರಾನ್ ತಡೆಯುವ ಭಾಗಗಳಿಗಾಗಿ ಬೋರಾನ್ ಕಾರ್ಬೈಡ್ ತುಂಬಿದ ಫಿಲಮೆಂಟ್ ಬಳಸುತ್ತಿದ್ದರು. ನಾಜಲ್‌ಗಳು ಒಂದರ ಹಿಂದೊಂದು ಹಾಳಾದವು. ಅವರು ಹಿತ್ತಾಳೆಯ ಮೈಗೆ ಮಾಣಿಕ್ಯದ ತುದಿ ಕೂರಿಸಿದರು. ಶಾಖಕ್ಕೆ ಹಿತ್ತಾಳೆ, ಸವೆತಕ್ಕೆ ಮಾಣಿಕ್ಯ. ಜಾಣ ಉಪಾಯ, ಆದರೆ ದುಬಾರಿ, ಮತ್ತು ತಟ್ಟೆಗೆ ಬಡಿದರೆ ಕಲ್ಲು ಬಿರುಕು ಬಿಡಬಹುದು.

ಮನೆಯಲ್ಲಿ ನಕ್ಷತ್ರ ಮುದ್ರಿಸುವವರಿಗೆ 0.6 ಮಿ.ಮೀ. ರಂಧ್ರದ ಗಟ್ಟಿ ಉಕ್ಕಿನ ನಾಜಲ್ ಸಾಕು ಎಂಬುದು ನನ್ನ ಅಭಿಪ್ರಾಯ. ಅಗಲ ಬಾಯಿ ಹರಳು, ಎಳೆಗಳಿಂದ ಕಟ್ಟಿಕೊಳ್ಳುವುದೂ ಕಡಿಮೆ. ಬದಲಿಸುವಾಗ ನಾಜಲನ್ನು ಬಿಸಿ ಇರುವಾಗಲೇ ಬಿಗಿಯಬೇಕು. ಹೀಟರ್ ಬ್ಲಾಕನ್ನು ಇನ್ನೊಂದು ಸ್ಪ್ಯಾನರ್‌ನಲ್ಲಿ ಹಿಡಿದುಕೊಳ್ಳಿ. ಅಲ್ಯೂಮಿನಿಯಂ ಮರೆಗೆ ಹೆಚ್ಚು ಬಲ ಹಾಕಿದರೆ ಅದು ಹರಿದುಹೋಗುತ್ತದೆ. ಆಮೇಲೆ ಮೊದಲ ಪದರದ ಎತ್ತರವನ್ನು ಹೊಸದಾಗಿ ಹೊಂದಿಸಿ. ಸ್ಲೈಸರ್‌ನಲ್ಲಿ ರಂಧ್ರದ ಅಳತೆ 0.6 ಎಂದು ಬದಲಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಅದು ಹಳೆಯ 0.4ರ ಲೆಕ್ಕದಲ್ಲೇ ಗೆರೆ ಎಳೆಯುತ್ತಿರುತ್ತದೆ.