ದೊಡ್ಡ ಊರಿಗೆ ಹೆಚ್ಚು ಚೀಟಿ: ಆದರೂ ಲೆಕ್ಕ ವಾಲುವುದಿಲ್ಲ

ಒಂದು ಹೋಬಳಿಯಲ್ಲಿ ಈ ವರ್ಷ ಒಟ್ಟು ಎಷ್ಟು ಎಕರೆ ರಾಗಿ ಬಿತ್ತಿದ್ದಾರೆಂದು ತಿಳಿಯಬೇಕು, ಆದರೆ ಎಲ್ಲ ಊರನ್ನೂ ಅಳೆಯಲು ಆಗುವುದಿಲ್ಲ. ಎರಡು ಊರನ್ನು ಚೀಟಿ ಎತ್ತಿ ಆರಿಸಿದರೆ ಇನ್ನೊಂದು ತೊಡಕು: ಎಲ್ಲ ಊರಿಗೂ ಒಂದೇ ಚೀಟಿ ಇಟ್ಟಾಗ ದೊಡ್ಡ ಊರು ಸಿಕ್ಕರೆ ಅಂದಾಜು ಉಬ್ಬುತ್ತದೆ, ತಪ್ಪಿದರೆ ಕುಸಿಯುತ್ತದೆ. ದೊಡ್ಡ ಊರಿಗೆ ಹೆಚ್ಚು ಚೀಟಿ ಇಡೋಣವೆಂದರೆ, ಲೆಕ್ಕ ದೊಡ್ಡ ಊರುಗಳ ಕಡೆಗೇ ವಾಲುವುದಿಲ್ಲವೇ?

ವಾಲದಂತೆ ಮಾಡುವ ಸೂತ್ರವನ್ನು ಅಮೆರಿಕದ ಜನಗಣತಿ ಸಂಸ್ಥೆಯ ಮಾರಿಸ್ ಹ್ಯಾನ್ಸನ್ ಮತ್ತು ವಿಲಿಯಂ ಹರ್ವಿಟ್ಸ್ 1943ರಲ್ಲಿ ಪ್ರಕಟಿಸಿದರು. ಸಿಕ್ಕ ಊರಿನ ಅಳತೆಯನ್ನು (y) ಆ ಊರು ಸಿಗುವ ಸಂಭವನೀಯತೆಯಿಂದ (p) ಭಾಗಿಸಬೇಕು; ಹೀಗೆ ಬಂದ ಭಾಗಲಬ್ಧಗಳ ಸರಾಸರಿಯೇ ಒಟ್ಟು ಮೊತ್ತದ ಅಂದಾಜು. n ಎಂದರೆ ಎಷ್ಟು ಸಲ ಚೀಟಿ ಎತ್ತಿದೆವು ಎಂಬ ಸಂಖ್ಯೆ.

Ŷ = (1/n) Σ (yᵢ / pᵢ)

ಕ, ಖ, ಗ, ಘ ಎಂಬ ನಾಲ್ಕೇ ಊರುಗಳಿವೆ ಎಂದುಕೊಳ್ಳೋಣ. ಹಳೆಯ ದಾಖಲೆಯ ಪ್ರಕಾರ ಅವುಗಳ ಸಾಗುವಳಿ ಭೂಮಿ 100, 200, 300, 400 ಎಕರೆ. ಒಟ್ಟು ಸಾವಿರವಾದ್ದರಿಂದ ಸಂಭವನೀಯತೆಗಳು 0.1, 0.2, 0.3, 0.4. ಈ ವರ್ಷದ ರಾಗಿ ಕ್ರಮವಾಗಿ 30, 50, 90, 110 ಎಕರೆ. ನಿಜವಾದ ಮೊತ್ತ 280. ಅದು ನಮಗೆ ಗೊತ್ತು, ಸಮೀಕ್ಷೆಗೆ ಹೋದವರಿಗೆ ಗೊತ್ತಿಲ್ಲ.

1ರಿಂದ 1000ದೊಳಗೆ ಯಾವುದಾದರೂ ಸಂಖ್ಯೆ ಎತ್ತಿ. 100ರವರೆಗೆ ಬಂದರೆ ಕ, 300ರವರೆಗೆ ಖ, 600ರವರೆಗೆ ಗ, ಅದರಾಚೆ ಘ. ಎತ್ತಿದ್ದನ್ನು ಮತ್ತೆ ಒಳಗೆ ಹಾಕಿಯೇ ಎರಡನೆಯ ಸಲ ಎತ್ತಬೇಕು. ಹಾಗಾಗಿ ಪ್ರತಿ ಸಲವೂ ಸಂಭವನೀಯತೆ ಬದಲಾಗುವುದಿಲ್ಲ. ಒಂದೇ ಊರು ಎರಡು ಸಲ ಬರಲೂಬಹುದು. ಬಂದರೆ ಎರಡು ಸಲವೂ ಲೆಕ್ಕಕ್ಕೆ ಹಿಡಿಯಬೇಕು. ‘ಒಮ್ಮೆ ಬಂದಾಯಿತಲ್ಲ’ ಎಂದು ಕೈಬಿಟ್ಟು ಬೇರೆ ಊರು ಎತ್ತಿ, ಸೂತ್ರವನ್ನು ಮಾತ್ರ ಹಾಗೆಯೇ ಉಳಿಸಿಕೊಂಡರೆ ಅಂದಾಜು ವಾಲುತ್ತದೆ.

ನಾಲ್ಕೂ ಊರುಗಳ ಭಾಗಲಬ್ಧ 300, 250, 300, 275. ಒಂದೊಂದನ್ನೂ ಅದರದರ ಸಂಭವನೀಯತೆಯಿಂದ ಗುಣಿಸಿ ಕೂಡಿದರೆ 30+50+90+110, ಅಂದರೆ 280. ಭಾಗಿಸಿದ್ದನ್ನೇ ಗುಣಿಸಿದ್ದರಿಂದ ಹೆಚ್ಚು ಚೀಟಿಯ ಪ್ರಭಾವ ಅಳಿಸಿಹೋಯಿತು. ಮತ್ತೆ ಮತ್ತೆ ಚೀಟಿ ಎತ್ತುತ್ತ ಹೋದರೆ ಅಂದಾಜುಗಳ ಸರಾಸರಿ ನಿಜವಾದ ಮೊತ್ತಕ್ಕೇ ಬಂದು ನಿಲ್ಲುತ್ತದೆ. ಅಂದಾಜಿಗೆ ಪಕ್ಷಪಾತವಿಲ್ಲ ಎಂದರೆ ಇಷ್ಟೇ.

ಆದರೆ ನಾವು ಎತ್ತುವುದು ಒಂದೇ ಮಾದರಿ. ಅದು 280ರಿಂದ ಎಷ್ಟು ದೂರ ಬೀಳಬಹುದು ಎಂಬುದನ್ನು ಹೇಳುವುದು ವೇರಿಯನ್ಸ್:

V = (1/n) Σ pᵢ (yᵢ/pᵢ − Y)²

ಇಲ್ಲಿ Y ಎಂದರೆ ನಿಜವಾದ ಮೊತ್ತ. ಎರಡು ಸಲ ಎತ್ತಿದಾಗ ನಮ್ಮ ಉದಾಹರಣೆಯಲ್ಲಿ ಇದು 175. ವರ್ಗಮೂಲ ತೆಗೆದರೆ ಸುಮಾರು 13 ಎಕರೆ. ಎಲ್ಲ ಊರಿಗೂ ಸಮನಾದ ಚೀಟಿ ಇಟ್ಟಿದ್ದರೆ ವೇರಿಯನ್ಸ್ 8000, ವರ್ಗಮೂಲ ಸುಮಾರು 89 ಎಕರೆ. ರಾಗಿ ಹೆಚ್ಚುಕಡಿಮೆ ಊರಿನ ಗಾತ್ರಕ್ಕೆ ತಕ್ಕಷ್ಟೇ ಇದ್ದದ್ದರಿಂದ ಭಾಗಲಬ್ಧಗಳು ಒಂದರ ಪಕ್ಕ ಒಂದು ಬಂದು ಕೂತವು. ಲಾಭವೆಲ್ಲ ಬಂದದ್ದು ಅಲ್ಲಿಂದಲೇ.

ನಿಜವಾದ ಮೊತ್ತ ಗೊತ್ತಿಲ್ಲದವರು ಮಾದರಿಯಿಂದಲೇ ವೇರಿಯನ್ಸ್ ಅಂದಾಜಿಸುತ್ತಾರೆ:

v = Σ (yᵢ/pᵢ − Ŷ)² / [n(n−1)]

ಗ, ಘ ಸಿಕ್ಕಿದವೆನ್ನಿ: ಅಂದಾಜು 287.5, ವೇರಿಯನ್ಸಿನ ಅಂದಾಜು 156.25. ಘ ಊರೇ ಎರಡು ಸಲ ಬಂದರೆ ಎರಡೂ ಭಾಗಲಬ್ಧ 275, ವೇರಿಯನ್ಸಿನ ಅಂದಾಜು ಸೊನ್ನೆ! ತಪ್ಪೇ ಇಲ್ಲವೆಂದು ಇದರ ಅರ್ಥವಲ್ಲ; ನಿಜವಾದ ಮೊತ್ತ 5 ಎಕರೆ ಆಚೆಗಿದೆ. ಈ ಸೂತ್ರವೂ ಸರಾಸರಿಯಲ್ಲಿ 175ನ್ನೇ ಕೊಡುತ್ತದೆ, ಆದರೆ ಎರಡೇ ಚೀಟಿಯ ಮಾದರಿಯಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಹಳೆಯ ದಾಖಲೆಯದು. ಚಿಕ್ಕ ಊರಾದ ಕ ಈ ಸಲ 90 ಎಕರೆಯಲ್ಲಿ ರಾಗಿ ಬಿತ್ತಿತು ಎನ್ನೋಣ. ಅದರ ಭಾಗಲಬ್ಧ 900ಕ್ಕೆ ನೆಗೆಯುತ್ತದೆ. ಆಗ ನಿಜವಾದ ಮೊತ್ತ 340, ವೇರಿಯನ್ಸ್ 17,575. ಸಮ ಚೀಟಿಯಲ್ಲಿ ಅದು 3,800 ಮಾತ್ರ. ಅಂದಾಜು ಈಗಲೂ ಪಕ್ಷಪಾತವಿಲ್ಲದ್ದೇ, ಆದರೆ ಗಾತ್ರ ನೋಡಿ ಚೀಟಿ ಇಟ್ಟದ್ದೇ ನಷ್ಟವಾಯಿತು. ನೂರರಲ್ಲಿ 81 ಸಲ ಕ ಊರು ಮಾದರಿಗೆ ಬರುವುದೇ ಇಲ್ಲ. ಆಗ ಉಳಿದವುಗಳ ಭಾಗಲಬ್ಧಗಳು ಹತ್ತಿರ ಹತ್ತಿರವೇ ಇದ್ದು, ಕೈಯಲ್ಲಿರುವ ಅಂಕಿಗಳಿಂದ ಅಪಾಯದ ಸುಳಿವೂ ಸಿಗುವುದಿಲ್ಲ. ಇನ್ನು ದಾಖಲೆಯಲ್ಲಿ ಸೊನ್ನೆ ಎಕರೆ ಎಂದು ಬರೆದ ಊರಿನಲ್ಲಿ ರಾಗಿ ಇದ್ದರಂತೂ ಆ ಊರು ಎಂದೂ ಸಿಗುವುದಿಲ್ಲ; ಪಕ್ಷಪಾತವಿಲ್ಲ ಎಂಬ ಮಾತೂ ಆಗ ಬಿದ್ದುಹೋಗುತ್ತದೆ.

ನಮ್ಮ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಹಲವು ಸುತ್ತುಗಳಲ್ಲಿ ಜನಸಂಖ್ಯೆಯನ್ನು ಗಾತ್ರವಾಗಿ ಹಿಡಿದು ಹಳ್ಳಿಗಳನ್ನು ಹೀಗೇ ಆರಿಸಿದ್ದಾರೆ. ಗಾತ್ರದ ಪಟ್ಟಿ ಹಳತಾದಷ್ಟೂ ಭಾಗಲಬ್ಧಗಳು ಚದುರುತ್ತವೆ. ಭಾಗಾಕಾರ ಪಕ್ಷಪಾತವನ್ನು ತೆಗೆಯಬಲ್ಲದು. ನಿಖರತೆ ಬರಬೇಕಾದದ್ದು ಪಟ್ಟಿಯಿಂದ. ಆದ್ದರಿಂದ ಚೀಟಿ ಎತ್ತುವ ಮೊದಲೇ ಪಟ್ಟಿಯಲ್ಲಿರುವ ತೀರ ಚಿಕ್ಕ ಊರುಗಳನ್ನು ಇನ್ನೊಮ್ಮೆ ವಿಚಾರಿಸಿಕೊಳ್ಳುವುದು ಒಳ್ಳೆಯದು.